ಕನ್ನಡ ಅಂಕಿ ಬರೆಯುವ ಗ್ಯಾನ್ ೦ ಮತ್ತು ೧ ಬಿಟ್ಟು ಬೇರೇನನ್ನೂ ಬರೆಯುತ್ತಿಲ್ಲ

ಅಂಕಿಲಿಪಿ: ನಮಸ್ಕಾರ. ಕನ್ನಡ ಎಮ್‌ನಿಸ್ಟ್‌ನ 60,000 ಕೈಬರಹದ ಅಂಕಿಗಳ ಮೇಲೆ ಒಂದು ಗ್ಯಾನ್ ತರಬೇತಿ ಮಾಡುತ್ತಿದ್ದೇನೆ. ಮೊದಲು ಡಿಸ್ಕ್ರಿಮಿನೇಟರ್‌ನ ಲಾಸ್ ಸೊನ್ನೆಯ ಹತ್ತಿರ ಇಳಿಯಿತು. ಅದು ಗೆಲ್ಲುತ್ತಿದೆ ಎಂದುಕೊಂಡು, ಅದರ ಒಂದು ಹೆಜ್ಜೆಗೆ ಜನರೇಟರ್‌ಗೆ ಐದು ಹೆಜ್ಜೆ ಕೊಟ್ಟೆ. ಈಗ 1,000 ಚಿತ್ರಗಳನ್ನು ವರ್ಗೀಕಾರಕಕ್ಕೆ ಕೊಟ್ಟು ಎಣಿಸಿದರೆ 980 ಬರಿಯ ೦ ಮತ್ತು ೧. ಕೆಲವು ಎಪಾಕ್ ಕಳೆದ ಮೇಲೆ ಅವು ಮಾಯವಾಗಿ ಎಲ್ಲವೂ ೪ ಆಗುತ್ತವೆ. ಆಡಮ್ ಅನ್ನು ಅದರ ಮೂಲ ಮೌಲ್ಯಗಳಲ್ಲೇ ಬಿಟ್ಟಿದ್ದೇನೆ.

ತುಂಗಾತೀರ: ಲರ್ನಿಂಗ್ ರೇಟ್ 0.001 ಹೆಚ್ಚಾಯಿತು. ಅದನ್ನು 0.0002ಕ್ಕೂ ಬೀಟಾ1 ಅನ್ನು 0.5ಕ್ಕೂ ಇಳಿಸಿ, ನಿಜ ಚಿತ್ರಗಳ ಲೇಬಲ್ ಅನ್ನು 1ರ ಬದಲು 0.9 ಮಾಡಿ. ಹೀಗೆ ಒಂದೆರಡು ಅಂಕಿಗಳಿಗೇ ಆಗುವ ಕುಸಿತ ನಿಲ್ಲುತ್ತದೆ.

ಎಲೆಗಳ್ಳಿ: ನನಗೂ ಇದೇ ಆಗಿತ್ತು. ನನ್ನ ಬಳಿ ಇದ್ದದ್ದು 300 ಎಲೆಗಳ ಚಿತ್ರ ಮಾತ್ರ, ಅವುಗಳನ್ನು ತಿರುಗಿಸಿ, ಕತ್ತರಿಸಿ ಹೆಚ್ಚಿಸಿಕೊಂಡ ಮೇಲೆ ಸರಿಹೋಯಿತು.

ಹಳೆಯ ನರಮಂಡಲ: ಎಲೆಗಳ್ಳಿಯವರೇ, ನಿಮ್ಮ ಡಿಸ್ಕ್ರಿಮಿನೇಟರ್ 300 ಚಿತ್ರಗಳನ್ನು ಬಾಯಿಪಾಠ ಮಾಡಿರಬೇಕು. ಇಲ್ಲಿ ದತ್ತಾಂಶಕ್ಕೆ ಕೊರತೆಯಿಲ್ಲ. ತುಂಗಾತೀರರು ಹೇಳಿದ ಆಡಮ್ ಬದಲಾವಣೆ ಸರಿ, ಅದನ್ನು ಮಾಡಿ. ಆದರೆ 0.9 ಲೇಬಲ್ ಡಿಸ್ಕ್ರಿಮಿನೇಟರ್‌ನ ಅತಿ ವಿಶ್ವಾಸವನ್ನಷ್ಟೇ ತಗ್ಗಿಸುತ್ತದೆ, ವೈವಿಧ್ಯವನ್ನು ತರುವುದಿಲ್ಲ.

ನಿಮ್ಮ ಐದು ಹೆಜ್ಜೆಗಳೇ ಕುಸಿತಕ್ಕೆ ದಾರಿ ಮಾಡಿಕೊಟ್ಟಿವೆ ಎಂಬುದು ನನ್ನ ಅಭಿಪ್ರಾಯ. ಡಿಸ್ಕ್ರಿಮಿನೇಟರ್ ಕದಲದೆ ನಿಂತಿರುವಾಗ, ಅದು ಅತಿ ಹೆಚ್ಚು ಅಂಕ ಕೊಡುವ ಒಂದೇ ಚಿತ್ರವನ್ನು ಪದೇ ಪದೇ ಒಪ್ಪಿಸುವುದೇ ಜನರೇಟರ್‌ಗೆ ಲಾಭ, ಏಕೆಂದರೆ ಲಾಸ್ ಪ್ರತಿ ಚಿತ್ರವನ್ನೂ ಒಂಟಿಯಾಗಿ ಅಳೆಯುತ್ತದೆಯೇ ಹೊರತು ಹತ್ತೂ ಅಂಕಿಗಳು ಬಂದವೇ ಎಂದು ಕೇಳುವುದಿಲ್ಲ. ಬಳಿಕ ಡಿಸ್ಕ್ರಿಮಿನೇಟರ್ ೦ ಕಂಡರೆ ನಕಲಿ ಎಂದು ಕಲಿಯುತ್ತದೆ, ಜನರೇಟರ್ ೪ಕ್ಕೆ ಓಡುತ್ತದೆ. ನೀವು ಕಂಡದ್ದು ಈ ಬೆನ್ನಟ್ಟುವಿಕೆಯನ್ನೇ. ಇಲ್ಲಿ ಇಬ್ಬರೂ ಇಳಿಯುವ ಒಂದೇ ಕಣಿವೆ ಇಲ್ಲದಿರುವುದರಿಂದ ಲಾಸ್‌ನ ಗೆರೆ ನೋಡಿ ಏನನ್ನೂ ನಿರ್ಧರಿಸಲಾಗದು. ನೀವು ಮಾಡಿದ ಎಣಿಕೆಯೇ ಒಳ್ಳೆಯ ಪರೀಕ್ಷೆ.

ಆದ್ದರಿಂದ ಒಂದಕ್ಕೊಂದು ಹೆಜ್ಜೆಗೆ ಹಿಂತಿರುಗಿ, ಡಿಸ್ಕ್ರಿಮಿನೇಟರ್‌ನ ಹೆಜ್ಜೆ ಕಡಿಮೆ ಮಾಡುವ ಬದಲು ಅದರ ಕಡಿದಾದ ಇಳಿಜಾರಿಗೆ ಮಿತಿ ಹಾಕಿ. 2018ರಲ್ಲಿ ಬಂದ ಸ್ಪೆಕ್ಟ್ರಲ್ ನಾರ್ಮಲೈಸೇಶನ್ ಅದನ್ನೇ ಮಾಡುತ್ತದೆ:

```python
from torch import nn
from torch.nn.utils import spectral_norm
conv = spectral_norm(nn.Conv2d(64, 128, 4, 2, 1))
```

ಡಿಸ್ಕ್ರಿಮಿನೇಟರ್‌ನ ಪ್ರತಿ ಪದರಕ್ಕೂ ಇದನ್ನು ಹಾಕಿ, ಅಲ್ಲಿರುವ ಬ್ಯಾಚ್ ನಾರ್ಮ್ ತೆಗೆಯಿರಿ, ಇಲ್ಲದಿದ್ದರೆ ಅದು ಮತ್ತೆ ಅಳತೆ ಹಿಗ್ಗಿಸಿ ಮಿತಿಯನ್ನು ಕೆಡಿಸಬಹುದು. ಜನರೇಟರ್‌ನಲ್ಲಿ ಬ್ಯಾಚ್ ನಾರ್ಮ್ ಇರಲಿ.

ತುಂಗಾತೀರ: ಆದರೂ ಡಿಸ್ಕ್ರಿಮಿನೇಟರ್ ಬಲಿಷ್ಠವಾದರೆ ಗ್ರೇಡಿಯಂಟ್ ಸತ್ತುಹೋಗುತ್ತದಲ್ಲವೇ?

ಹಳೆಯ ನರಮಂಡಲ: ಮಿತಿಯಿಲ್ಲದಿದ್ದರೆ ಹೌದು, ನಿಮ್ಮ ಆತಂಕ ನ್ಯಾಯವಾದದ್ದೇ. 2017ರ ವಾಸರ್‌ಸ್ಟೈನ್ ಗ್ಯಾನ್‌ನಲ್ಲಿ ಮಿತಿ ಇದ್ದುದರಿಂದಲೇ ಜನರೇಟರ್‌ನ ಒಂದು ಹೆಜ್ಜೆಗೆ ಎದುರಾಳಿಗೆ ಐದು ಹೆಜ್ಜೆ ಕೊಟ್ಟರು, ಅಂಕಿಲಿಪಿಯವರು ಮಾಡಿದ್ದಕ್ಕೆ ನೇರ ವಿರುದ್ಧವಾಗಿ.

ಅಂಕಿಲಿಪಿ: ಎಲ್ಲವನ್ನೂ ಮಾಡಿದೆ. ಈಗ ಹತ್ತೂ ಅಂಕಿಗಳು ಬರುತ್ತಿವೆ, ಓಡಾಟವೂ ನಿಂತಿದೆ. ಆದರೆ 1,000ದಲ್ಲಿ ೩ 160 ಬಾರಿ, ೭ ಕೇವಲ 31 ಬಾರಿ.

ಹಳೆಯ ನರಮಂಡಲ: ಬರವಣಿಗೆಯಲ್ಲಿ ಆ ಎರಡೂ ಹತ್ತಿರದವು. ಜನರೇಟರ್ ಅನ್ನು ದೂರುವ ಮುನ್ನ, 10,000 ನಿಜವಾದ ಪರೀಕ್ಷಾ ಚಿತ್ರಗಳಲ್ಲಿ ನಿಮ್ಮ ವರ್ಗೀಕಾರಕವೇ ೭ನ್ನು ೩ ಎಂದು ಎಷ್ಟು ಸಲ ಓದುತ್ತದೆ ನೋಡಿ.

ಅಂಕಿಲಿಪಿ: ನೋಡಿದೆ. ತಪ್ಪು ಓದುತ್ತದೆ, ಆದರೆ ಇಷ್ಟು ದೊಡ್ಡ ಅಂತರಕ್ಕೆ ಅದು ಸಾಲದು. ಬ್ಯಾಚ್ 64 ಇದೆ. 256 ಮಾಡಿ ಮತ್ತೆ ಎಣಿಸಿ ಬರೆಯುತ್ತೇನೆ.