ಅಪ್‌ಡೇಟ್: ಎರಡನೇ ವಿಭಾಗದ ತಪ್ಪು ಸಿಕ್ಕಿತು

ನನ್ನ ಪ್ರಶ್ನೆ: "ಅಗರಬತ್ತಿ ಘಟಕದ ಎರಡನೇ ವಿಭಾಗದಲ್ಲಿ ಒಟ್ಟು ವೆಚ್ಚ ಟ್ಯಾಲಿ ಆಗುತ್ತೆ, ಆದರೂ ಕೊನೆಯ ಅರೆಸಿದ್ಧ ಸರಕಿನ ಬೆಲೆ ತೀರಾ ಕಡಿಮೆ ಬರುತ್ತೆ. ಯಾಕೆ?"

ತಪ್ಪಿದ್ದದ್ದು ಒಂದನೇ ವಿಭಾಗದಿಂದ ಬಂದ ವೆಚ್ಚದಲ್ಲಿ. ಹೊಸೆದ ಬತ್ತಿ ಆರಂಭದ ಸ್ಟಾಕ್ 1,000 ಕೆಜಿ, ಈ ತಿಂಗಳು ಬಂದದ್ದು 9,000 ಕೆಜಿ. ವೆಯ್ಟೆಡ್ ಆವರೇಜ್ ಆದ್ದರಿಂದ ಎರಡರ ವೆಚ್ಚವನ್ನೂ ಕೂಡಿಸಿದೆ: 66,000 + 6,34,000 = ₹7,00,000. ಮುಗಿದದ್ದು 8,000 ಕೆಜಿ. ಉಳಿದ 2,000 ಕೆಜಿಗೆ ಸುಗಂಧ ಹಾಕಿ ಒಣಗಿಸುವ ಕೆಲಸ 40% ಮಾತ್ರ ಆಗಿತ್ತು.

ಕೂಲಿ, ಓವರ್‌ಹೆಡ್‌ಗೆ ಈಕ್ವಿವಲೆಂಟ್ ಯೂನಿಟ್ 8,000 + 800 = 8,800, ಅದು ಸರಿ. ನಾನು ₹7,00,000ವನ್ನೂ ಅದರಿಂದಲೇ ಭಾಗಿಸಿದ್ದೆ. ಆದರೆ ಒಳಗೆ ಬಂದ ಬತ್ತಿ ಹಿಂದಿನ ವಿಭಾಗದ ಮಟ್ಟಿಗೆ ಪೂರ್ತಿ ಮುಗಿದದ್ದು, ಅದು ಯಾವಾಗಲೂ 100%. ಹಾಗಾಗಿ ಭಾಗಿಸಬೇಕಾದದ್ದು 10,000ದಿಂದ: ಕೆಜಿಗೆ ₹70, ಉಳಿದದ್ದಕ್ಕೆ ₹1,40,000. ನನಗೆ ಬಂದಿದ್ದು ₹63,636!

ಮಿಕ್ಕ ₹76,364 ಸಿದ್ಧ ಸರಕಿಗೆ ಸೇರಿಕೊಂಡಿತ್ತು, ಅದಕ್ಕೇ ಟ್ಯಾಲಿ ಆಗುತ್ತಿತ್ತು. ಈಗ ಉಳಿದ ಸರಕಿನಲ್ಲಿರುವ ಹಿಂದಿನ ವಿಭಾಗದ ವೆಚ್ಚವನ್ನು ಅದರ ಕೆಜಿಯಿಂದ ಭಾಗಿಸಿ ನೋಡುತ್ತೇನೆ. ತಪ್ಪು ಲೆಕ್ಕದಲ್ಲಿ ಅದು ₹32ರ ಆಸುಪಾಸು ಬಂದಿತ್ತು. ಒಂದನೇ ವಿಭಾಗ ಕಳಿಸಿದ್ದು ಸುಮಾರು ₹70ಕ್ಕೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.