ಸಹಾಯ ಬೇಕು: ಮಾರ್ಚ್ ಕೊನೆಯಲ್ಲಿ ಇಳಿದ ಗುರಿ, ಏಪ್ರಿಲ್‌ನಲ್ಲಿ ವಾಪಸಾದ ಮಾಲು
ನಮಸ್ಕಾರ. ಹಾಸನದಲ್ಲಿ ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ಪೈಪು, ಮೋಟಾರು ಮಾರುವ ವಿತರಕರೊಬ್ಬರ ಆಂತರಿಕ ಲೆಕ್ಕಪರಿಶೋಧನೆ ಮಾಡುತ್ತಿದ್ದೇನೆ. ಒಂದು ಕಡತದಲ್ಲಿ ಸಿಕ್ಕಿಕೊಂಡಿದ್ದೇನೆ.

ಬೇಲೂರು ಭಾಗದ ಮಾರಾಟಗಾರರ ತ್ರೈಮಾಸಿಕ ಗುರಿ 40 ಲಕ್ಷ. ಗುರಿ ಮುಟ್ಟದಿದ್ದರೆ ಕಮಿಷನ್ ಶೇ 1, ಮುಟ್ಟಿದರೆ ಇಡೀ ಮೊತ್ತಕ್ಕೆ ಶೇ 2. ಬಿಲ್ ಆದದ್ದು 36.5 ಲಕ್ಷ. ಮಾರ್ಚ್ 28ರಂದು ಶಾಖಾ ವ್ಯವಸ್ಥಾಪಕರು ಇಮೇಲ್‌ನಲ್ಲಿ ಗುರಿಯನ್ನು 36 ಲಕ್ಷಕ್ಕೆ ಇಳಿಸಿದ್ದಾರೆ. ಹೂಮಳೆ ಬೇಗ ಬಂದು ಸ್ಪ್ರಿಂಕ್ಲರ್ ಬೇಡಿಕೆ ಕುಸಿಯಿತಂತೆ. ಮಳೆ ಸಕಲೇಶಪುರಕ್ಕೂ ಬಂದಿತ್ತು, ಅಲ್ಲಿನವರ ಗುರಿ ಮಾತ್ರ ಕದಲಿಲ್ಲ! ವ್ಯವಸ್ಥಾಪಕರ ಸ್ವಂತ ಬೋನಸ್ ಕೂಡ ಇದೇ ಅಂಕಿಯ ಮೇಲೆ ನಿಂತಿದೆ.

ಮಾರ್ಚ್ 31ರಂದು 3 ಲಕ್ಷದ ಬಿಲ್ ಆಗಿದೆ. ಅದರಲ್ಲಿ 1.8 ಲಕ್ಷದ ಮಾಲು ಏಪ್ರಿಲ್ ಮೊದಲ ವಾರ ಕ್ರೆಡಿಟ್ ನೋಟ್ ಮೂಲಕ ವಾಪಸ್. ಗೋದಾಮಿನ ಗೇಟ್ ಪುಸ್ತಕದಲ್ಲಿ ಅದು ಹೊರಗೆ ಹೋದ ನಮೂದೇ ಇಲ್ಲ. ಅದನ್ನು ಕಳೆದರೆ ನಿವ್ವಳ 34.7 ಲಕ್ಷ, ಇಳಿಸಿದ ಗುರಿಗೂ ಕಡಿಮೆ. ಕೊಟ್ಟದ್ದು 73,000 ರೂಪಾಯಿ, ನನ್ನ ಲೆಕ್ಕದಲ್ಲಿ ಸಲ್ಲಬೇಕಾದದ್ದು 34,700.

ತೊಡಕು ಇಷ್ಟೇ: ಯೋಜನೆಯ ಸುತ್ತೋಲೆಯಲ್ಲಿ ‘ಬಿಲ್ ಆದ ಮಾರಾಟ’ ಎಂದಷ್ಟೇ ಇದೆ, ವಾಪಸಾತಿಯ ಮಾತಿಲ್ಲ, ಗುರಿ ಬದಲಿಸುವ ಅಧಿಕಾರ ಯಾರದೆಂದೂ ಇಲ್ಲ. ಗುರಿಪಟ್ಟಿ ಎಕ್ಸೆಲ್‌ನಲ್ಲಿರುವುದರಿಂದ ಬದಲಾವಣೆಯ ಜಾಡೂ ಸಿಗುವುದಿಲ್ಲ. ಮಾಲು ಹೊರಗೇ ಹೋಗಿಲ್ಲವೆಂಬ ಆಧಾರದ ಮೇಲೆ 38,300 ರೂಪಾಯಿ ವಸೂಲಿಗೆ ಬರೆಯಬಹುದೇ, ಅಥವಾ ನಿಯಂತ್ರಣ ಲೋಪವೆಂದು ಮಾತ್ರ ವರದಿ ಮಾಡಬೇಕೇ? ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ.