ಸಂಬಳ ತಡ, ಪತ್ರದಲ್ಲಿ ಯಾವ ತಾರೀಖು ಬರೆಯಲಿ?

"ನಮ್ಮದು 18 ಜನರ ಯೂನಿಟ್. ದೊಡ್ಡ ಪಾರ್ಟಿಯ ಬಿಲ್ ನಿಂತಿದೆ. ಈ ತಿಂಗಳು ಪೂರ್ತಿ ಸಂಬಳ ಆಗಲ್ಲ. ಹುಡುಗರಿಗೆ ಪತ್ರ ಕೊಡಬೇಕು, ಅನುಭವ ಇರುವವರು ಹೇಳಿ."

ಪೀಣ್ಯ ಮಷಿನ್ ಶಾಪ್: ನಾನು ಇದರಲ್ಲಿ ಸುಟ್ಟುಕೊಂಡವನು. ಮೊದಲ ಸಲ "ಪೇಮೆಂಟ್ ಬಂದ ಕೂಡಲೇ ಕೊಡುತ್ತೇವೆ" ಅಂತ ಬರೆದೆ. ಯಾರೂ ನಂಬಲಿಲ್ಲ. ಆಮೇಲೆ ಪಾರ್ಟಿ ಕೊಟ್ಟ ಚೆಕ್ ನಂಬಿ 20ನೇ ತಾರೀಖು ಅಂತ ಬರೆದೆ. ಚೆಕ್ ಬೌನ್ಸ್ ಆಯಿತು. ಒಂಬತ್ತು ವರ್ಷದ ಸಿಎನ್‌ಸಿ ಆಪರೇಟರ್ ಪಕ್ಕದ ಶೆಡ್‌ಗೆ ಹೋದ. ಹೊಸಬ ಕೈಗೆ ಬರುವಷ್ಟರಲ್ಲಿ 340 ಪೀಸ್ ರಿಜೆಕ್ಟ್.

ಮೂರನೇ ಸಲ ಕೈಯಲ್ಲಿರುವ ದುಡ್ಡಿಗೆ ಮಾತ್ರ ತಾರೀಖು ಹಾಕಿದೆ. ಒಟ್ಟು ಸಂಬಳ 4,64,000. ಖಾತೆಯಲ್ಲಿ ಸಂಬಳಕ್ಕೆ ಇದ್ದದ್ದು 3,50,000. 16,000ದ ಹದಿನಾಲ್ಕು ಜನಕ್ಕೆ 7ಕ್ಕೇ ಪೂರ್ತಿ. 30,000ದ ಎಂಟು ಜನಕ್ಕೆ ಅರ್ಧ. ಉಳಿದ 1,20,000ಕ್ಕೆ ಮನೆಯವಳ ಬಳೆ ಅಡವಿಟ್ಟ ಮೇಲೆಯೇ "22, ಸೋಮವಾರ" ಅಂತ ಬರೆದೆ.

ಹುಬ್ಬಳ್ಳಿ ಅಕೌಂಟೆಂಟ್: ಸರ್, ಪಿಎಫ್ ಬಗ್ಗೆ ನೀವು ಒಂದು ಮಾತೂ ಹೇಳಲಿಲ್ಲ. ಸಂಬಳದಿಂದ ಹಿಡಿದದ್ದು ಕಾರ್ಮಿಕರ ದುಡ್ಡು. 15ರೊಳಗೆ ಕಟ್ಟಲೇಬೇಕು. ನಾನಿದ್ದ ಕಂಪನಿ ಅದನ್ನೇ ತಿರುಗಿಸಿ ಡೀಸೆಲ್‌ಗೆ ಹಾಕಿತು. ಆಮೇಲೆ ವರ್ಷಕ್ಕೆ 12% ಬಡ್ಡಿ, ಮೇಲೆ ದಂಡ. ನೋಟಿಸ್ ಹಿಡಿದು ಓಡಾಡಿದವಳು ನಾನು.

ತುಮಕೂರು ಗಾರ್ಮೆಂಟ್ಸ್ ಮಾಲೀಕ: ಇಷ್ಟೆಲ್ಲಾ ಯಾಕೆ? ಎಲ್ಲರ ಹತ್ತಿರ "ಒಪ್ಪಿದ್ದೇವೆ" ಅಂತ ಸೈನ್ ಹಾಕಿಸಿ. ಕೇಸ್ ಆಗಲ್ಲ. ನಾನು ಎರಡು ಸಲ ಮಾಡಿದ್ದೇನೆ.

ಹುಬ್ಬಳ್ಳಿ ಅಕೌಂಟೆಂಟ್: ಆಗಿಲ್ಲ ಅಂದರೆ ಯಾರೂ ದೂರು ಕೊಟ್ಟಿಲ್ಲ, ಅಷ್ಟೇ. ತಿಂಗಳ ಸಂಬಳ ಮುಂದಿನ 7ರೊಳಗೆ ಕೊಡಬೇಕು ಅಂತ ಕಾನೂನೇ ಇದೆ. ಪತ್ರ ಕೈಗೆ ಸೇರಿತು ಅನ್ನುವುದಕ್ಕೆ ಸೈನ್ ಬೇಕು, ಹಕ್ಕು ಬಿಟ್ಟುಕೊಟ್ಟರು ಅನ್ನುವುದಕ್ಕಲ್ಲ.

ತುಮಕೂರು ಗಾರ್ಮೆಂಟ್ಸ್ ಮಾಲೀಕ: ಮೇಡಂ, ಸಂಬಳ ಎಣಿಸಿ ಕೊಟ್ಟು ನೋಡಿ, ಆಮೇಲೆ ಕಾನೂನು ಹೇಳಿ.

ಬೊಮ್ಮಸಂದ್ರ ಫಿಟ್ಟರ್: ಅಣ್ಣಾ, ಎಣಿಸಿಕೊಳ್ಳುವವನು ನಾನು. ನಮ್ಮ ಕಡೆ ಪತ್ರ ಅಂಟಿಸಿದ್ದು 9ಕ್ಕೆ. ನನ್ನ ಬೈಕ್ ಇಎಂಐ 5ಕ್ಕೇ ಬೌನ್ಸ್ ಆಗಿತ್ತು, 590 ರೂಪಾಯಿ ಹೋಯಿತು. ಮೊದಲೇ ಹೇಳಿದ್ದರೆ ಭಾವನ ಹತ್ತಿರ ಕೇಳಿ ಹಾಕುತ್ತಿದ್ದೆ. ಪತ್ರದಲ್ಲಿ ಅರ್ಧ ಪುಟ ಮಾರ್ಕೆಟ್ ಕಷ್ಟ. ನನಗೆ ಎಷ್ಟು, ಯಾವತ್ತು ಅನ್ನುವುದು ಮಾತ್ರ ಇರಲಿಲ್ಲ. ಅದೇ ವಾರ ಮಾಲೀಕರ ಮನೆ ಮುಂದೆ ಹೊಸ ಕಾರು ನಿಂತಿತ್ತು.

ತುಮಕೂರು ಗಾರ್ಮೆಂಟ್ಸ್ ಮಾಲೀಕ: ಕಾರು ಲೋನ್ ಮೇಲೆ ಬರುತ್ತದೆ ತಮ್ಮಾ. ಬುಕ್ ಮಾಡಿ ಆರು ತಿಂಗಳಾಗಿರಬಹುದು.

ಬೊಮ್ಮಸಂದ್ರ ಫಿಟ್ಟರ್: ನಮ್ಮ ಬೈಕ್ ಕೂಡ ಲೋನ್ ಮೇಲೇ ಬಂದದ್ದು.

ಪೀಣ್ಯ ಮಷಿನ್ ಶಾಪ್: ಜಗಳ ಬಿಡಿ. ಫಿಟ್ಟರ್ ಹೇಳಿದ್ದು ನಿಜ. ನಾನು 3ನೇ ತಾರೀಖಿಗೇ ಪತ್ರ ಕೊಟ್ಟೆ, ಪ್ರತಿಯೊಬ್ಬರ ಹೆಸರಿನ ಮುಂದೆ ಮೊತ್ತ ಬರೆದೆ. "ಇಎಂಐ ಬೌನ್ಸ್ ಚಾರ್ಜ್ ನಮ್ಮದು, ನನ್ನ ಸಂಬಳ ಕೊನೆಗೆ" ಅಂತ ಸೇರಿಸಿದೆ. ಪಾರ್ಟಿ ಹೆಸರು ಹಾಕಲಿಲ್ಲ, ಆರ್ಡರ್ ಕೈ ತಪ್ಪೀತು ಅಂತ.

ಹುಬ್ಬಳ್ಳಿ ಅಕೌಂಟೆಂಟ್: ಹೆಸರು ಹಾಕಬೇಕಿತ್ತು ಸರ್. ಇಲ್ಲದಿದ್ದರೆ ದುಡ್ಡು ನೀವೇ ಇಟ್ಟುಕೊಂಡಿದ್ದೀರಿ ಅಂದುಕೊಳ್ಳುತ್ತಾರೆ.

ಪೀಣ್ಯ ಮಷಿನ್ ಶಾಪ್: ಆ ಆರ್ಡರ್ ಹೋದರೆ ಮುಂದಿನ ತಿಂಗಳ ಪತ್ರ ಯಾರು ಬರೆಯುತ್ತಾರೆ, ನೀವಾ?